ಲಿನೋ ಮತ್ತು ಮರದಚ್ಚಿನಲ್ಲಿ ಅಕ್ಷರ: ತಿರುವುಮುರುವು ಬರಹ ಮತ್ತು ಮುರಿಯುವ ಸೆರಿಫ್

ಲಿನೋಕಟ್ ಆಗಲಿ ಮರದಚ್ಚು ಆಗಲಿ, ಎರಡರಲ್ಲಿಯೂ ಕೆತ್ತದೆ ಉಳಿದ ಮೇಲ್ಮೈಗೆ ಮಾತ್ರ ಶಾಯಿ ಹತ್ತುತ್ತದೆ, ಅದೇ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಅಕ್ಷರವನ್ನು ಕೆತ್ತುವುದೆಂದರೆ ಅಕ್ಷರವನ್ನು ಬಿಟ್ಟು ಅದರ ಸುತ್ತಲಿನದನ್ನು ತೆಗೆಯುವುದು. ಹೀಗೆ ಉಳಿದ ಅಕ್ಷರವು ಅಚ್ಚಿನ ಮೇಲೆ ಕನ್ನಡಿಬಿಂಬದಂತೆ ತಿರುಗಿ ನಿಂತಿರಬೇಕು, ಮತ್ತು ಅದರ ತೆಳುವಾದ ಭಾಗಗಳು ಉಳಿಯ ಒತ್ತಡವನ್ನೂ ರೋಲರಿನ ಒತ್ತಡವನ್ನೂ ತಡೆದುಕೊಳ್ಳಬೇಕು. ಈ ಟಿಪ್ಪಣಿಯಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಹೋಗೋಣ: ಮಳೆ ಎಂಬ ಅರ್ಥದ ಇಂಗ್ಲಿಷ್ ಪದ, ಆರ್, ಎ, ಐ, ಎನ್ ಎಂಬ ನಾಲ್ಕು ದೊಡ್ಡಕ್ಷರಗಳಲ್ಲಿ, 20 ಮಿಲಿಮೀಟರ್ ಎತ್ತರದಲ್ಲಿ, ಸೆರಿಫ್, ಅಂದರೆ ಗೆರೆಗಳ ತುದಿಯಲ್ಲಿ ಅಡ್ಡಲಾಗಿ ಚಾಚುವ ಸಣ್ಣ ಗೆರೆ, ಇರುವ ಹಳೆಯ ರೋಮನ್ ಶೈಲಿಯಲ್ಲಿ.

ಮೊದಲಿಗೆ ತಿರುವಿನ ವಿಷಯ. ಮುದ್ರಣವು ಚಿತ್ರವನ್ನು ಒಮ್ಮೆ ಎಡಬಲ ತಿರುಗಿಸುತ್ತದೆ. ಹಾಗಾಗಿ ಕಾಗದದ ಮೇಲಿನ ಕರಡಿನಿಂದ ಅಚ್ಚಿಗೆ ಬರುವಾಗಲೂ ಅದು ಒಮ್ಮೆ ತಿರುಗಿರಬೇಕು. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಪದವನ್ನು ನೇರವಾಗಿಯೇ ಬರೆದು, ಬರೆದ ಬದಿಯನ್ನು ಕೆಳಗೆ ಮಾಡಿ ಅಚ್ಚಿನ ಮೇಲಿಟ್ಟು ಹಿಂಬದಿಯಿಂದ ಉಜ್ಜಿದರೆ ಆ ಒಂದು ತಿರುವು ತಾನಾಗಿಯೇ ದೊರೆಯುತ್ತದೆ. ಜಪಾನಿನ ಮರದಚ್ಚಿನ ಕೆತ್ತನೆಗಾರರು ತೆಳುವಾದ ಕಾಗದದ ಕರಡನ್ನು ಮುಖ ಕೆಳಗಾಗಿ ಹಲಗೆಗೆ ಅಂಟಿಸಿ, ಕಾಗದದ ಸಮೇತ ಕೆತ್ತುವುದೂ ಇದೇ ತತ್ವದ ಮೇಲೆ. ಕರಡಿನ ಕೆಳಗೆ ಕಾರ್ಬನ್ ಕಾಗದವಿಟ್ಟು ಗೆರೆಗಳ ಮೇಲೆ ತಿದ್ದಿದರೆ ಮಾತ್ರ ಯಾವ ತಿರುವೂ ಆಗುವುದಿಲ್ಲ. ಹಾಗೆ ಮಾಡುವವರು ಕರಡನ್ನೇ ಮೊದಲು ತಿರುಗಿಸಿಕೊಂಡಿರಬೇಕು. ಕಲಿಯುವವರು ಹೆಚ್ಚಾಗಿ ಎಡವುವುದು ಈ ಎರಡು ದಾರಿಗಳನ್ನು ಬೆರೆಸಿದಾಗ. ಕಂಪ್ಯೂಟರಿನಲ್ಲಿ ಪದವನ್ನು ತಿರುಗಿಸಿ, ಆ ಮುದ್ರಿತ ಹಾಳೆಯನ್ನು ಮತ್ತೆ ಮುಖ ಕೆಳಗಾಗಿ ಅಂಟಿಸಿದರೆ ಎರಡು ತಿರುವುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಚ್ಚಿನ ಮೇಲೆ ಪದವು ನೇರವಾಗಿ ಕಾಣುತ್ತದೆ, ಕಾಗದದ ಮೇಲೆ ಉಲ್ಟಾ ಬರುತ್ತದೆ. ಅಚ್ಚಿನ ಮೇಲಿನ ಬರಹವನ್ನು ಸಲೀಸಾಗಿ ಓದಲು ಸಾಧ್ಯವಾದರೆ ಉಳಿಯನ್ನು ಕೆಳಗಿಡಬೇಕು ಎಂಬುದೇ ಇದಕ್ಕೆ ಸರಳವಾದ ಪರೀಕ್ಷೆ.

ನಮ್ಮ ಉದಾಹರಣೆಯಲ್ಲಿ ಅಚ್ಚಿನ ಮೇಲೆ ಎಡದಿಂದ ಬಲಕ್ಕೆ ಎನ್, ಐ, ಎ, ಆರ್ ಎಂಬ ಕ್ರಮ ಕಾಣಬೇಕು. ಎನ್ ಅಕ್ಷರದ ಓರೆಗೆರೆ ಸಾಮಾನ್ಯವಾಗಿ ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುತ್ತದೆ; ಇಲ್ಲಿ ಅದು ಬಲ ಮೇಲಿನಿಂದ ಎಡ ಕೆಳಕ್ಕೆ ಇಳಿಯಬೇಕು. ಇದನ್ನು ಎಲ್ಲರೂ ಗಮನಿಸುತ್ತಾರೆ, ಏಕೆಂದರೆ ತಪ್ಪಿದರೆ ಅಕ್ಷರವೇ ಕೆಟ್ಟು ಕಾಣುತ್ತದೆ. ಕಣ್ಣು ತಪ್ಪಿಸಿಕೊಳ್ಳುವ ಅಕ್ಷರ ಎ. ಎರಡೂ ಬದಿ ಒಂದೇ ಎಂಬ ಭಾವನೆಯಲ್ಲಿ ನಾವು ಅದನ್ನು ತಿರುಗಿಸಬೇಕಾದದ್ದೇ ಇಲ್ಲವೆಂದುಕೊಳ್ಳುತ್ತೇವೆ. ಆದರೆ ರೋಮನ್ ಶೈಲಿಯಲ್ಲಿ ಎ ಅಕ್ಷರದ ಎಡಗಾಲು ತೆಳು, ಬಲಗಾಲು ದಪ್ಪ. ಅಚ್ಚಿನ ಮೇಲೆ ದಪ್ಪಗಾಲು ಎಡಕ್ಕೆ ಬರಬೇಕು. ವಿ, ಯು, ಎಮ್ ಅಕ್ಷರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕರಡನ್ನು ಯಂತ್ರದಂತೆ ವರ್ಗಾಯಿಸಿದಾಗ ಈ ತಪ್ಪು ನುಸುಳುವುದಿಲ್ಲ. ಮಾಸಿದ ಗೆರೆಗಳನ್ನು ಅಚ್ಚಿನ ಮೇಲೆಯೇ ಕೈಯಿಂದ ತಿದ್ದುವಾಗ, ಓದುವ ಅಭ್ಯಾಸವು ಕೈಯನ್ನು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ತಿದ್ದುವಾಗ ಮತ್ತು ಕೆತ್ತುವಾಗ ಅಚ್ಚನ್ನು ತಲೆಕೆಳಗಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಪದವು ಎಡದಿಂದ ಬಲಕ್ಕೇ ಸಾಗುತ್ತದೆ, ಅಕ್ಷರಗಳು ಮಾತ್ರ ಬುಡಮೇಲಾಗಿರುತ್ತವೆ. ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟದವರು ಸಾಲನ್ನು ಓದುತ್ತಿದ್ದುದೂ ಹೀಗೆಯೇ.

ಇನ್ನು ಮುರಿಯುವ ಸೆರಿಫ್. ಲಿನೋಲಿಯಂ ಎಂಬುದು ಗಟ್ಟಿಗೊಂಡ ಅಗಸೆ ಎಣ್ಣೆಯಲ್ಲಿ ಕಾರ್ಕ್ ಪುಡಿಯನ್ನೂ ಮರದ ಪುಡಿಯನ್ನೂ ಕಲಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ತಯಾರಿಸಿದ ಹಾಳೆ. ಅದರಲ್ಲಿ ಎಳೆಗಳಿಲ್ಲ. ಇದರಿಂದ ಯಾವ ದಿಕ್ಕಿಗಾದರೂ ಒಂದೇ ಸಮನೆ ಕೆತ್ತಬಹುದು ಎಂಬುದು ಅನುಕೂಲ; ತೆಳುವಾಗಿ ನಿಂತ ಭಾಗವನ್ನು ಹಿಡಿದಿಡುವ ನಾರು ಒಂದೂ ಇಲ್ಲ ಎಂಬುದು ಅದರ ಬೆಲೆ. ಅರ್ಧ ಮಿಲಿಮೀಟರ್ ದಪ್ಪದ ಸೆರಿಫ್‌ನ ಸುತ್ತ ಎರಡು ಮಿಲಿಮೀಟರ್ ಆಳ ಕೆತ್ತಿದರೆ, ದಪ್ಪಕ್ಕಿಂತ ನಾಲ್ಕು ಪಟ್ಟು ಎತ್ತರದ ಗೋಡೆಯೊಂದು ಪುಡಿಯ ಬಲದ ಮೇಲೆ ನಿಂತಂತಾಗುತ್ತದೆ. ವಿ ಆಕಾರದ ಉಳಿಯು ಮುಂದೆ ಸಾಗುವಾಗ ತನ್ನೆರಡು ಬದಿಗಳನ್ನು ಹೊರಕ್ಕೆ ತಳ್ಳುತ್ತದೆ. ಒಂದು ಬದಿಯಲ್ಲಿರುವುದು ಈ ಗೋಡೆಯಾದರೆ ಅದು ಬುಡದಲ್ಲಿಯೇ ಕಳಚುತ್ತದೆ. ಹಳೆಯದಾದ ಅಥವಾ ತಣ್ಣಗಿರುವ ಲಿನೋ ಇನ್ನೂ ಬೇಗ ಉದುರುತ್ತದೆ. ಅಂಚಿನಲ್ಲಿ ಒಂದು ಗೀರು ಕೆತ್ತಿ ನೋಡಿದರೆ ಇದು ಮೊದಲೇ ತಿಳಿಯುತ್ತದೆ: ಸಿಪ್ಪೆ ಸುರುಳಿಯಾಗಿ ಎದ್ದು ಬಂದರೆ ಹಾಳೆ ಚೆನ್ನಾಗಿದೆ, ಪುಡಿಯಾಗಿ ಬಂದರೆ ಬೆಚ್ಚಗೆ ಮಾಡಿ ಮತ್ತೊಮ್ಮೆ ಪರೀಕ್ಷಿಸಬೇಕು, ಆಗಲೂ ಪುಡಿಯಾದರೆ ಆ ಹಾಳೆಯಲ್ಲಿ ಸಣ್ಣ ಅಕ್ಷರವನ್ನು ಕೆತ್ತಬಾರದು.

ಮರದಲ್ಲಿ ಕಾರಣವೇ ಬೇರೆ. ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಎಳೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಎಳೆಯು ಅಕ್ಷರದ ನಿಲುಗೆರೆಯ ದಿಕ್ಕಿಗೆ, ಅಂದರೆ ಮೇಲಿನಿಂದ ಕೆಳಕ್ಕೆ ಇದ್ದರೆ, ಅಡ್ಡಲಾಗಿ ಚಾಚಿದ ಸೆರಿಫ್‌ನೊಳಗೆ ಉಳಿಯುವ ಎಳೆಯ ಉದ್ದ ಆ ಸೆರಿಫ್‌ನ ದಪ್ಪದಷ್ಟೇ, ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಗಿಡ್ಡ ಎಳೆಗಳು ಪಕ್ಕದ ನಿಲುಗೆರೆಯೊಂದಿಗೆ ಬೆಸೆದಿರುವುದಿಲ್ಲ, ಪಕ್ಕಪಕ್ಕದಲ್ಲಿ ಅಂಟಿಕೊಂಡಿರುತ್ತವೆ ಅಷ್ಟೆ. ಸ್ವಲ್ಪ ತಳ್ಳಿದರೂ ಸೀಳುತ್ತವೆ. ಹಲಗೆಯನ್ನು ತಿರುಗಿಸಿ ಎಳೆಯನ್ನು ಸಾಲಿನ ದಿಕ್ಕಿಗೆ, ಅಂದರೆ ಅಡ್ಡಕ್ಕೆ ಇಟ್ಟುಕೊಂಡರೆ ಸೆರಿಫ್‌ನ ಎಳೆ ನಿಲುಗೆರೆಯೊಳಕ್ಕೆ ಹೊಕ್ಕು ಗಟ್ಟಿಯಾಗಿ ನಿಲ್ಲುತ್ತದೆ, ಎ ಅಕ್ಷರದ ತೆಳು ಅಡ್ಡಪಟ್ಟಿಯೂ ಉಳಿಯುತ್ತದೆ. ಆಗ ಅಪಾಯ ನಿಲುಗೆರೆಗಳಿಗೆ ವರ್ಗವಾಗುತ್ತದೆ. ಐ ಮತ್ತು ಆರ್ ಅಕ್ಷರಗಳ ನಿಲುಗೆರೆ ಹೇಗೂ ದಪ್ಪವಾದ್ದರಿಂದ ಚಿಂತೆಯಿಲ್ಲ. ರೋಮನ್ ಎನ್ ಅಕ್ಷರದ ಎರಡೂ ನಿಲುಗೆರೆಗಳು ತೆಳು, ದಪ್ಪವಿರುವುದು ಓರೆಗೆರೆಗೆ ಮಾತ್ರ. ನಮ್ಮ ಪದದಲ್ಲಿ ಸಾಲಿನ ಉದ್ದಕ್ಕೆ ಎಳೆ ಇಟ್ಟಾಗ ಮೊದಲು ಮುರಿಯುವುದು ಈ ಎನ್.

ಈ ಸಮಸ್ಯೆಗೆ ಚೀನಾದ ಮರದಚ್ಚು ಕಂಡುಕೊಂಡ ಉತ್ತರವು ಇಂದಿಗೂ ಕಣ್ಣೆದುರಿಗೇ ಇದೆ. ಅಲ್ಲಿನ ಹಲಗೆಗಳಲ್ಲಿ ಎಳೆ ಅಡ್ಡಕ್ಕೆ ಓಡುತ್ತಿತ್ತು. ಮಿಂಗ್ ಎಂದು ಕರೆಯಲಾಗುವ ಅಕ್ಷರಶೈಲಿಯಲ್ಲಿ ಅಡ್ಡಗೆರೆಗಳು ತೆಳುವಾಗಿಯೂ ನಿಲುಗೆರೆಗಳು ದಪ್ಪವಾಗಿಯೂ ಇವೆ, ಅಡ್ಡಗೆರೆಯ ತುದಿಯಲ್ಲಿ ಸಣ್ಣ ತ್ರಿಕೋನದ ಗಂಟು ಇದೆ. ಎಳೆಯ ದಿಕ್ಕಿನ ಗೆರೆ ತೆಳುವಾದರೂ ತಾಳುತ್ತದೆ, ಎಳೆಗೆ ಅಡ್ಡವಾದದ್ದು ದಪ್ಪವಿರಬೇಕು, ಬೇಗ ಸವೆಯುವ ತುದಿಗೆ ಹೆಚ್ಚು ಮೈ ಬೇಕು. ಕೆತ್ತುವವರು ಅಕ್ಷರವನ್ನು ಹಲಗೆಗೆ ಹೊಂದಿಸಿಕೊಂಡು ಬರೆಯಬೇಕೆಂಬ ಈ ಪಾಠವನ್ನು ನಾನು ಉಳಿ ಹಿಡಿಯುವ ಪಾಠಕ್ಕಿಂತ ಮೇಲಿಡುತ್ತೇನೆ.

ಹಾಗಾಗಿ ನಮ್ಮ ಪದವನ್ನು ಕೆತ್ತುವ ಮೊದಲು ಕರಡಿನಲ್ಲಿಯೇ ಬದಲಿಸಬೇಕು. 20 ಮಿಲಿಮೀಟರ್ ಎತ್ತರಕ್ಕೆ ದಪ್ಪಗೆರೆ ಸುಮಾರು ಎರಡೂವರೆ ಮಿಲಿಮೀಟರ್ ಇರಲಿ. ತೆಳುಗೆರೆಯನ್ನು ಒಂದು ಮಿಲಿಮೀಟರಿಗಿಂತ ಕೆಳಗಿಳಿಸಬಾರದು. ಎನ್ ಅಕ್ಷರದ ನಿಲುಗೆರೆಗೆ ಒಂದೂವರೆ ಕೊಟ್ಟರೆ ಇನ್ನೂ ಕ್ಷೇಮ. ಸೆರಿಫ್ ಒಂದೂವರೆ ಮಿಲಿಮೀಟರ್ ಚಾಚಿದರೆ ಸಾಕು, ತುದಿಯಲ್ಲಿ ಅದು ಮುಕ್ಕಾಲರಿಂದ ಒಂದು ಮಿಲಿಮೀಟರ್ ದಪ್ಪವಿರಲಿ, ಮತ್ತು ನಿಲುಗೆರೆಯನ್ನು ಸೇರುವಲ್ಲಿ ಚೂಪಾದ ಮೂಲೆಯ ಬದಲು ಒಳಬಾಗಿದ ವಕ್ರರೇಖೆ ಇರಲಿ. ಮೂಲೆ ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಯೇ. ವಕ್ರವಾಗಿ ತುಂಬಿದ ಬುಡ ಆ ಒತ್ತಡವನ್ನು ಹಂಚಿಕೊಳ್ಳುತ್ತದೆ. ಕೂದಲೆಳೆಯ ಸೆರಿಫ್ ಇರುವ, ದಪ್ಪ-ತೆಳುಗಳ ಅಂತರ ತೀವ್ರವಾದ ಶೈಲಿಗಳನ್ನು ಈ ಅಳತೆಯಲ್ಲಿ ಲಿನೋಗೆ ತರುವ ಪ್ರಯತ್ನವನ್ನೇ ಬಿಡುವುದು ಮೇಲು. ಅಂಥ ನಯ ಬೇಕೇ ಬೇಕೆಂದರೆ ಮರವನ್ನು ಅಡ್ಡಲಾಗಿ ಕೊಯ್ದು ಎಳೆಗಳ ತುದಿ ಮೇಲ್ಮೈಗೆ ಬರುವಂತೆ ಮಾಡಿದ ಗಟ್ಟಿಮರದ ಅಚ್ಚು ಬೇಕು. ಅಲ್ಲಿ ಎಳೆಗಳು ನೇರ ಕೆಳಕ್ಕೆ ಇಳಿದಿರುವುದರಿಂದ ಯಾವ ದಿಕ್ಕಿನ ತೆಳುಗೆರೆಯೂ ನಿಲ್ಲುತ್ತದೆ.

ಕೆತ್ತುವ ಕ್ರಮದಲ್ಲಿ ಸೆರಿಫ್‌ನ ಸುತ್ತ ಮೊದಲು ಚಾಕು, ಆಮೇಲೆ ಉಳಿ. ಐ ಅಕ್ಷರದ ಕೆಳಗಿನ ಒಂದು ಸೆರಿಫ್ ತೆಗೆದುಕೊಳ್ಳೋಣ. ಮೊದಲು ಅದರ ತುದಿಯಲ್ಲಿ ಒಂದು ಗಿಡ್ಡ ಗೀರು ಹಾಕಬೇಕು; ಮುಂದೆ ಉಳಿ ಜಾರಿದರೂ ಸೀಳು ಅಲ್ಲಿಗೇ ನಿಲ್ಲುತ್ತದೆ. ಬಳಿಕ ತುದಿಯಿಂದ ನಿಲುಗೆರೆಯ ಕಡೆಗೆ, ಅಂದರೆ ಗಟ್ಟಿಯಾಗಿರುವ ಭಾಗದ ಕಡೆಗೆ, ಚಾಕುವನ್ನು ನಡೆಸಬೇಕು. ಚಾಕುವಿನ ಹಿಡಿಯನ್ನು ಅಕ್ಷರದ ಮೇಲಕ್ಕೆ ವಾಲಿಸಿ ಹಿಡಿದರೆ ಅಲಗು ಕೆಳಗಿಳಿದಂತೆ ಅಕ್ಷರದಿಂದ ದೂರ ಸರಿಯುತ್ತದೆ, ಗೋಡೆಯು ಬುಡದಲ್ಲಿ ಅಗಲವಾಗಿ ಇಳಿಜಾರಾಗುತ್ತದೆ. ವಿರುದ್ಧ ದಿಕ್ಕಿಗೆ ವಾಲಿಸಿದರೆ ಸೆರಿಫ್‌ನ ಅಡಿ ಟೊಳ್ಳಾಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಕೆಲವು ಪ್ರತಿಗಳಾದ ಮೇಲೆ ತುದಿ ಮಾಯವಾಗುತ್ತದೆ. ನಂತರ ಹೊರಗಿನ ಬದಿಯಿಂದ ಎದುರು ಓರೆಯಲ್ಲಿ ಇನ್ನೊಂದು ಗೀರು ಹಾಕಿದರೆ ನಡುವಿನ ತೆಳುಸಿಪ್ಪೆ ತಾನೇ ಎದ್ದು ಬರುತ್ತದೆ. ಹೀಗೆ ಅಕ್ಷರದ ಸುತ್ತ ಸಣ್ಣ ಕಾಲುವೆಯಾದ ಮೇಲೆ ಮಾತ್ರ ಅಗಲವಾದ ಉಳಿಯಿಂದ ಬಯಲನ್ನು ತೆಗೆಯಬೇಕು. ಎ ಮತ್ತು ಆರ್ ಅಕ್ಷರಗಳ ಒಳಗಿನ ಮುಚ್ಚಿದ ಜಾಗವನ್ನು ಹೊರಬದಿಗಿಂತ ಮೊದಲು ಕೆತ್ತಬೇಕು. ಹೊರಗಿನ ಮೈ ಇನ್ನೂ ಆಸರೆಯಾಗಿರುವಾಗ ಒಳಗಿನ ತಳ್ಳುವಿಕೆ ಗೆರೆಗಳನ್ನು ಅಲುಗಿಸುವುದಿಲ್ಲ.

ಆಳದ ವಿಷಯದಲ್ಲಿ ಒಂದು ಮಾತು ಸಾಕು: ಸೆರಿಫ್‌ಗಳ ನಡುವಿನ ಕಿರಿದಾದ ಜಾಗಗಳಿಗೆ ರೋಲರ್ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಆಳವೇ ಧಾರಾಳ. ಆಳವಿರಬೇಕಾದದ್ದು ಪದದಿಂದ ದೂರದ ಅಗಲವಾದ ಬಯಲಿನಲ್ಲಿ.

ಶಾಯಿ ಹಾಕುವ ಮೊದಲು ಅಚ್ಚಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿ ನೋಡಬಹುದು. ಆ ಉಜ್ಜುಪ್ರತಿಯೂ ಅಚ್ಚಿನಂತೆಯೇ ಉಲ್ಟಾ ಇರುತ್ತದೆ. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ಪದ ನೇರವಾಗಿ ಕಾಣಬೇಕು. ಮೊದಲ ಪ್ರತಿಗೆ ಗಟ್ಟಿಯಾದ ರೋಲರ್ ಮತ್ತು ಶಾಯಿಯ ತೆಳುವಾದ ಪದರ ಇರಲಿ. ಮೆತ್ತನೆಯ ರೋಲರ್ ತೆಳುಗೆರೆಯ ಬದಿಗಳಿಗೂ ಶಾಯಿ ಸವರುತ್ತದೆ, ಒತ್ತಿದಾಗ ಅದು ಹೊರಚೆಲ್ಲಿ ಸೆರಿಫ್ ಊದಿಕೊಂಡಂತೆ ಕಾಣುತ್ತದೆ. ಅದನ್ನು ಕೆತ್ತನೆಯ ದೋಷವೆಂದು ತಿಳಿದು ಇನ್ನಷ್ಟು ತೆಳುವಾಗಿಸಲು ಹೋದರೆ ಚೆನ್ನಾಗಿದ್ದ ಸೆರಿಫ್ ಕೈಬಿಟ್ಟು ಹೋಗುತ್ತದೆ. ಊದಿದ ಗೆರೆಯ ಅಂಚಿನಲ್ಲಿ ಶಾಯಿಯ ಕಪ್ಪು ಕಟ್ಟು ಕಂಡರೆ ಮೊದಲು ಶಾಯಿಯನ್ನು ಕಡಿಮೆ ಮಾಡಿ ನೋಡಬೇಕು.

ಕನ್ನಡ ಅಕ್ಷರಗಳಿಗೆ ಸೆರಿಫ್ ಇಲ್ಲ, ಆದರೆ ತಲಕಟ್ಟಿನ ಕೊಂಡಿಯ ತುದಿ ಅದೇ ಅಪಾಯದಲ್ಲಿರುತ್ತದೆ. ದುಂಡನೆಯ ಗೆರೆಯು ಒಂದೇ ಅಕ್ಷರದೊಳಗೆ ಎಲ್ಲ ದಿಕ್ಕುಗಳಿಗೂ ತಿರುಗುವುದರಿಂದ ಹಲಗೆಯನ್ನು ಹೇಗಿಟ್ಟರೂ ಎಲ್ಲೋ ಒಂದು ಕಡೆ ಎಳೆ ಗಿಡ್ಡವಾಗುತ್ತದೆ. ಅದಕ್ಕಾಗಿ ಕನ್ನಡಕ್ಕೆ ಎಲ್ಲೆಡೆ ಒಂದೇ ದಪ್ಪದ ಗೆರೆ ಮತ್ತು ಲಿನೋ ಹೆಚ್ಚು ಒಗ್ಗುತ್ತವೆ ಎಂದು ನನ್ನ ಅಭಿಪ್ರಾಯ.

ಇಷ್ಟಾದರೂ ಒಂದು ಸೆರಿಫ್ ಮುರಿದರೆ ಮೊದಲು ಆ ಚೂರನ್ನು ಹುಡುಕಿ ಎತ್ತಿಡಬೇಕು. ಸೂಜಿಯ ತುದಿಯಲ್ಲಿ ಬೇಗ ಒಣಗುವ ಅಂಟಿನ ಒಂದು ಹನಿಯನ್ನು ಮುರಿದ ಜಾಗಕ್ಕೆ ಮುಟ್ಟಿಸಿ, ಚೂರನ್ನು ಕೂರಿಸಿ, ಮೇಲ್ಮೈ ಸಮನಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ಚೂರು ಸಿಗದಿದ್ದರೆ ಆ ಸಾಲಿನ ಉಳಿದ ಸೆರಿಫ್‌ಗಳನ್ನೂ ಸ್ವಲ್ಪ ಗಿಡ್ಡಗೊಳಿಸಬಹುದು. ನಾಲ್ಕಕ್ಷರದ ಪದದಲ್ಲಿ ಎಲ್ಲವೂ ಒಂದೇ ಬಗೆಯಲ್ಲಿ ಗಿಡ್ಡವಾದರೆ ಅದು ಆ ಬರಹದ ಶೈಲಿಯಾಗಿ ಕಾಣುತ್ತದೆ, ಒಂದು ಮಾತ್ರ ಗಿಡ್ಡವಾದರೆ ಕಣ್ಣು ಅಲ್ಲಿಗೇ ಹೋಗುತ್ತದೆ.