ನನ್ನ ನಕ್ಷೆಯಲ್ಲಿ ಯಾವಾಗಲೂ ಮೈಸೂರು ಜಿಲ್ಲೆಯೇ ಗಾಢವಾಗಿ ಕಾಣುವುದೇಕೆ?

ಪ್ರಶ್ನೆ: ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. 2011ರ ಜನಗಣತಿಯಿಂದ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳ ಸಾಕ್ಷರರ ಸಂಖ್ಯೆಯನ್ನು ತೆಗೆದುಕೊಂಡು, ಹೆಚ್ಚು ಇದ್ದಲ್ಲಿ ಗಾಢ ಬಣ್ಣ, ಕಡಿಮೆ ಇದ್ದಲ್ಲಿ ತೆಳು ಬಣ್ಣ ತುಂಬಿ ನಕ್ಷೆ ಮಾಡಿದೆ. ಮೈಸೂರು ಅತ್ಯಂತ ಗಾಢವಾಗಿಯೂ ಕೊಡಗು ಅತ್ಯಂತ ತೆಳುವಾಗಿಯೂ ಬಂದಿವೆ. ಜನಸಂಖ್ಯೆಯಿಂದ ಭಾಗಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಆದರೆ ಎಣಿಸಿ ಬಂದ ಸಂಖ್ಯೆಯೇ ಅಲ್ಲವೇ ನಿಜ? ಭಾಗಿಸಿದರೆ ಅದನ್ನು ನಾವೇ ತಿದ್ದಿದಂತಾಗುವುದಿಲ್ಲವೇ?

ಉತ್ತರ: ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಈ ಪ್ರಶ್ನೆ ನನಗೆ ಪ್ರತಿ ವರ್ಷವೂ ಬರುತ್ತದೆ. ಜಿಲ್ಲೆ, ವಿಷಯ, ಬಣ್ಣ ಬೇರೆಯಾಗಿರುತ್ತವೆ, ಅಷ್ಟೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ "ಭಾಗಿಸಿ" ಎಂದಷ್ಟೇ ಹೇಳಿ ಮುಗಿಸಿದರೆ ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲಿರುವ ನಂಬಿಕೆ ಹಾಗೆಯೇ ಉಳಿಯುತ್ತದೆ. ಎಣಿಕೆ ಪ್ರಾಮಾಣಿಕವಾದದ್ದು, ದರ ತಿದ್ದಿದ್ದು ಎಂಬ ಈ ನಂಬಿಕೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಒಡೆದರೂ ಅದು ಮುಂದಿನ ವರ್ಷ ಮತ್ತೆ ಎದ್ದು ಬರುತ್ತದೆ. ಆದ್ದರಿಂದ ಈ ಸಲ ನಿಮ್ಮ ನಕ್ಷೆಯನ್ನೇ ಮುಂದಿಟ್ಟುಕೊಂಡು ನಿಧಾನವಾಗಿ ನೋಡೋಣ.

2011ರ ಜನಗಣತಿಯ ಪ್ರಕಾರ ಮೈಸೂರು ಜಿಲ್ಲೆಯ ಜನಸಂಖ್ಯೆ 30,01,127. ಮಂಡ್ಯದ್ದು 18,05,769, ಹಾಸನದ್ದು 17,76,421, ಚಾಮರಾಜನಗರದ್ದು 10,20,791, ಕೊಡಗಿನದ್ದು 5,54,519. ಈಗ ಸಾಕ್ಷರರ ಎಣಿಕೆಯನ್ನು ದುಂಡು ಸಂಖ್ಯೆಗಳಲ್ಲಿ ನೋಡಿ: ಮೈಸೂರಿನಲ್ಲಿ 19 ಲಕ್ಷಕ್ಕೂ ಹೆಚ್ಚು, ಹಾಸನದಲ್ಲಿ ಸುಮಾರು 12 ಲಕ್ಷ, ಮಂಡ್ಯದಲ್ಲಿ ಅದಕ್ಕಿಂತ ತುಸು ಕಡಿಮೆ, ಚಾಮರಾಜನಗರದಲ್ಲಿ ಐದೂವರೆ ಲಕ್ಷಕ್ಕಿಂತ ತುಸು ಹೆಚ್ಚು, ಕೊಡಗಿನಲ್ಲಿ ಸುಮಾರು 4 ಲಕ್ಷ. ಹಾಸನ ಮತ್ತು ಮಂಡ್ಯ ಸ್ಥಳ ಬದಲಿಸಿಕೊಂಡಿರುವುದನ್ನು ಬಿಟ್ಟರೆ ಎರಡೂ ಪಟ್ಟಿಗಳ ಕ್ರಮ ಒಂದೇ. ಅಂದರೆ ನೀವು ಬಣ್ಣ ತುಂಬಿದ್ದು ಬಹುಮಟ್ಟಿಗೆ ಜನಸಂಖ್ಯೆಗೆ. ಅದರ ಮೇಲೆ ಸಾಕ್ಷರತೆ ಎಂಬ ಶೀರ್ಷಿಕೆ ಕುಳಿತಿದೆ.

ಇದು ಆಕಸ್ಮಿಕವಾಗಿರಬಹುದು ಎಂದು ನಿಮಗೆ ಅನ್ನಿಸಿದರೆ, ನಾನು ವಿದ್ಯಾರ್ಥಿಗಳಿಂದ ಮಾಡಿಸುವ ಪರೀಕ್ಷೆಯೊಂದನ್ನು ನೀವೂ ಮಾಡಿ. ಅದೇ ಐದು ಜಿಲ್ಲೆಗಳಿಗೆ ಈಗ ಏಳು ವರ್ಷ ತುಂಬಿದ ಅನಕ್ಷರಸ್ಥರ ಸಂಖ್ಯೆಯ ನಕ್ಷೆ ತಯಾರಿಸಿ. ಮೈಸೂರಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಾರೆ, ಮಂಡ್ಯದಲ್ಲಿ ಐದು ಲಕ್ಷದ ಹತ್ತಿರ, ಚಾಮರಾಜನಗರದಲ್ಲಿ ಸುಮಾರು ಮೂರೂವರೆ ಲಕ್ಷ, ಕೊಡಗಿನಲ್ಲಿ ಒಂದು ಲಕ್ಷಕ್ಕೂ ಕಡಿಮೆ. ಮತ್ತೆ ಮೈಸೂರೇ ಗಾಢ, ಕೊಡಗೇ ತೆಳು! ಸಾಕ್ಷರರು ಅತಿ ಹೆಚ್ಚು ಇರುವ ಜಿಲ್ಲೆಯೂ ಮೈಸೂರು, ಅನಕ್ಷರಸ್ಥರು ಅತಿ ಹೆಚ್ಚು ಇರುವ ಜಿಲ್ಲೆಯೂ ಮೈಸೂರು. ಎರಡು ಎಣಿಕೆಗಳೂ ನಿಜವೇ. ಆದರೆ ಒಂದಕ್ಕೊಂದು ವಿರುದ್ಧವಾದ ಎರಡು ವಿಷಯಗಳಿಗೆ ಒಂದೇ ಚಿತ್ರ ಬರುತ್ತಿದೆ ಎಂದಾದರೆ, ಆ ಚಿತ್ರ ಎರಡರಲ್ಲಿ ಯಾವುದನ್ನೂ ಹೇಳುತ್ತಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ನಿಮ್ಮ ನಕ್ಷೆ ಏನನ್ನು ತೋರಿಸುತ್ತಿದೆ ಎಂಬ ಸಂಶಯ ಬಂದಾಗಲೆಲ್ಲ ಹೀಗೆ ಅದರ ವಿರುದ್ಧ ವಿಷಯದ ನಕ್ಷೆ ಮಾಡಿ ಪಕ್ಕದಲ್ಲಿಡಿ. ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಈಗ ಸಾಕ್ಷರತಾ ದರವನ್ನು ನೋಡಿ. ಕೊಡಗು ಶೇಕಡಾ 82.61, ಹಾಸನ 76.07, ಮೈಸೂರು 72.79, ಮಂಡ್ಯ 70.40, ಚಾಮರಾಜನಗರ 61.43. ನಿಮ್ಮ ನಕ್ಷೆಯಲ್ಲಿ ಕಟ್ಟಕಡೆಯಲ್ಲಿದ್ದ ಕೊಡಗು ಮೊದಲ ಸ್ಥಾನಕ್ಕೆ ಬಂದಿತು. ಎಣಿಕೆಯಲ್ಲಿ ಕೊಡಗಿಗಿಂತ ಮುಂದಿದ್ದ ಚಾಮರಾಜನಗರ ದರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಶಗಳಷ್ಟು ಹಿಂದೆ ಉಳಿಯಿತು. ಕೊಡಗಿನವರು ಓದಿನಲ್ಲಿ ಮುಂದೆ ಎಂದು ನಮ್ಮ ಕಡೆ ಹಿಂದಿನಿಂದಲೂ ಹೇಳುವ ಮಾತಿಗೆ ಆಧಾರ ಇಲ್ಲಿದೆ.

"ಆದರೂ ಎಣಿಕೆ ನಿಜ, ದರ ನಮ್ಮ ಲೆಕ್ಕ" ಎಂದು ಇಷ್ಟಾದ ಮೇಲೂ ಹೇಳುವವರಿಗೆ ನಾನು ನಮ್ಮ ಜಿಲ್ಲೆಗಳ ಇತಿಹಾಸವನ್ನೇ ನೆನಪಿಸುತ್ತೇನೆ. ಮಂಡ್ಯ 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು, ಚಾಮರಾಜನಗರ 1997ರಲ್ಲಿ. ಚಾಮರಾಜನಗರ ಬೇರೆಯಾಗದೆ ಇದ್ದಿದ್ದರೆ 2011ರಲ್ಲಿ ಮೈಸೂರು ಜಿಲ್ಲೆಯ ಸಾಕ್ಷರರ ಸಂಖ್ಯೆ 19 ಲಕ್ಷದ ಬದಲು ಸುಮಾರು 25 ಲಕ್ಷ ಆಗಿರುತ್ತಿತ್ತು ಮತ್ತು ನಕ್ಷೆಯಲ್ಲಿ ಬಣ್ಣ ಇನ್ನಷ್ಟು ಗಾಢವಾಗಿರುತ್ತಿತ್ತು. ಹಾಗೆ ಗಾಢವಾಗಲು ಕೊಳ್ಳೇಗಾಲದಲ್ಲಾಗಲಿ ನಂಜನಗೂಡಿನಲ್ಲಾಗಲಿ ಒಬ್ಬನೇ ಒಬ್ಬ ಹೊಸದಾಗಿ ಅಕ್ಷರ ಕಲಿಯಬೇಕಾಗಿರಲಿಲ್ಲ. ಗಡಿರೇಖೆಯನ್ನು ಎಲ್ಲಿ ಎಳೆಯಬೇಕೆಂಬ ಆಡಳಿತದ ತೀರ್ಮಾನವೊಂದೇ ಸಾಕಾಗುತ್ತಿತ್ತು. ಎಣಿಕೆಯನ್ನು ಯಾರೂ ಮುಟ್ಟಿಲ್ಲ ಎಂದು ನೀವು ನಂಬಿರುವಾಗ, ಆ ಎಣಿಕೆಯ ಗಾತ್ರವನ್ನು ಗಡಿ ಎಳೆದವರು ಮೊದಲೇ ನಿರ್ಧರಿಸಿರುತ್ತಾರೆ. ಭಾಗಾಕಾರ ಮಾಡುವ ಕೆಲಸವೆಂದರೆ ಆ ಗಡಿಯ ಪ್ರಭಾವವನ್ನು ಆದಷ್ಟು ತೆಗೆದುಹಾಕುವುದು.

ಪ್ರದೇಶಗಳಿಗೆ ಬಣ್ಣ ತುಂಬುವ ಈ ಕೊರೊಪ್ಲೆತ್ ನಕ್ಷೆಗೆ ಭಾಗಾಕಾರವನ್ನು ಇತ್ತೀಚಿನವರು ತಂದು ಸೇರಿಸಿದ್ದಾರೆ ಎಂಬ ಭಾವನೆಯೂ ಕೆಲವರಲ್ಲಿದೆ. ಈ ಬಗೆಯ ಮೊದಲ ನಕ್ಷೆಯೆಂದು ಸಾಮಾನ್ಯವಾಗಿ ಪರಿಗಣಿಸುವುದು 1826ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಡುಪೆಂ ಮಾಡಿದ್ದನ್ನು. ಆತನ ವಿಷಯವೂ ನಿಮ್ಮದರಂತೆ ಶಿಕ್ಷಣವೇ. ಆತ ಶಾಲೆಗೆ ಹೋಗುವ ಮಕ್ಕಳ ಎಣಿಕೆಗೆ ಬಣ್ಣ ತುಂಬಲಿಲ್ಲ. ಶಾಲೆಗೆ ಹೋಗುವ ಒಬ್ಬ ಹುಡುಗನಿಗೆ ಎಷ್ಟು ಮಂದಿ ನಿವಾಸಿಗಳಿದ್ದಾರೆ ಎಂದು ಪ್ರತಿ ಪ್ರಾಂತಕ್ಕೂ ಲೆಕ್ಕ ಹಾಕಿ, ಆ ಸಂಖ್ಯೆ ಹೆಚ್ಚಾದಂತೆ ಛಾಯೆಯನ್ನು ಕಪ್ಪಾಗಿಸಿದ. ಅಂದರೆ ಈ ಬಗೆಯ ನಕ್ಷೆ ಹುಟ್ಟುವಾಗಲೇ ದರವನ್ನು ಹೊತ್ತುಕೊಂಡು ಹುಟ್ಟಿತು.

ಎಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ವಯಸ್ಕರ ಶಿಕ್ಷಣಕ್ಕೆ ಎಷ್ಟು ಪಠ್ಯಪುಸ್ತಕ ಅಚ್ಚು ಹಾಕಿಸಬೇಕು ಎಂದು ಕೇಳಿದರೆ ಉತ್ತರ ಎಣಿಕೆಯಲ್ಲೇ ಇದೆ: ದರದಲ್ಲಿ ಚಾಮರಾಜನಗರ ಹಿಂದಿದ್ದರೂ ಹೆಚ್ಚು ಪುಸ್ತಕ ಬೇಕಾಗುವುದು ಮೈಸೂರಿಗೆ. ಆಗ ಜಿಲ್ಲೆಗೆ ಬಣ್ಣ ತುಂಬಬೇಡಿ, ಜಿಲ್ಲೆಯ ನಡುವೆ ಎಣಿಕೆಗೆ ತಕ್ಕ ವಿಸ್ತೀರ್ಣದ ವೃತ್ತವನ್ನು ಇಡಿ. ವೃತ್ತ ದೊಡ್ಡದಾಗಿದ್ದರೆ ನೋಡುವವರು "ಇಲ್ಲಿ ಹೆಚ್ಚು ಮಂದಿ" ಎಂದುಕೊಳ್ಳುತ್ತಾರೆ. ಇಡೀ ಜಿಲ್ಲೆ ಗಾಢವಾಗಿದ್ದರೆ "ಈ ಸೀಮೆಯೇ ಹೀಗೆ" ಎಂದುಕೊಳ್ಳುತ್ತಾರೆ. ಛಾಯೆ ಹೇಳುವುದು ಒಂದು ಪ್ರದೇಶದ ಗುಣವನ್ನು, ಆದ್ದರಿಂದ ಅದಕ್ಕೆ ದರವನ್ನೇ ಕೊಡಬೇಕು.

ಇನ್ನು ಭಾಗಿಸುವ ಕ್ರಮ. ಜನಗಣತಿಯ ಕೋಷ್ಟಕದಲ್ಲಿ `TOT_P` ಒಟ್ಟು ಜನಸಂಖ್ಯೆ, `P_06` ಆರು ವರ್ಷದವರೆಗಿನ ಮಕ್ಕಳು, `P_LIT` ಸಾಕ್ಷರರು. ನೀವು `QGIS` ಬಳಸುತ್ತಿದ್ದರೆ ಬಣ್ಣ ತುಂಬುವಲ್ಲಿ `Graduated` ಆರಿಸಿ, `Value` ಎಂಬಲ್ಲಿ ಬರೀ `P_LIT` ಕೊಡುವ ಬದಲು ಇದನ್ನು ಬರೆಯಿರಿ:

```
"P_LIT" / ("TOT_P" - "P_06") * 100
```

ಛೇದದಲ್ಲಿ ಮಕ್ಕಳನ್ನು ಕಳೆದಿರುವುದನ್ನು ಗಮನಿಸಿ. ಜನಗಣತಿಯು ಏಳು ವರ್ಷ ತುಂಬಿದವರನ್ನು ಮಾತ್ರ ಸಾಕ್ಷರರೋ ಅಲ್ಲವೋ ಎಂದು ಪರಿಗಣಿಸುತ್ತದೆ, ಮೂರು ವರ್ಷದ ಮಗುವನ್ನು ಆ ಪ್ರಶ್ನೆಗೆ ಒಳಪಡಿಸುವುದಿಲ್ಲ. ಒಟ್ಟು ಜನಸಂಖ್ಯೆಯಿಂದಲೇ ಭಾಗಿಸಿದರೆ ಕೊಡಗಿನ 82.61 ಇಳಿದು 74ರ ಆಸುಪಾಸಿಗೆ ಬರುತ್ತದೆ. ಹಾಗೆ ಇಳಿಯುವ ಪ್ರಮಾಣ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ, ಏಕೆಂದರೆ ಚಿಕ್ಕ ಮಕ್ಕಳು ಹೆಚ್ಚಿರುವ ಜಿಲ್ಲೆಗೆ ಹೆಚ್ಚು ಪೆಟ್ಟು ಬೀಳುತ್ತದೆ. ಮೇಲಿನ ಸಾಲನ್ನು ಬರೆದ ಮೇಲೆ ಕೊಡಗಿಗೆ 82.61 ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಉಳಿದವೂ ಸರಿಯಾಗಿರುತ್ತವೆ.

ಛೇದ ಎಂದರೆ ಯಾವಾಗಲೂ ಜನಸಂಖ್ಯೆ ಎಂದು ತಿಳಿದು ಎಲ್ಲವನ್ನೂ ತಲಾವಾರು ಮಾಡಲು ಹೊರಡುವುದು ಮುಂದಿನ ತಪ್ಪು. ಮಂಡ್ಯದ ಕಬ್ಬಿನ ಒಟ್ಟು ಉತ್ಪಾದನೆಯನ್ನು ಜನರಿಂದ ಭಾಗಿಸಿದರೆ ಬೇಸಾಯದ ಬಗ್ಗೆ ಏನೂ ತಿಳಿಯುವುದಿಲ್ಲ, ಅದನ್ನು ಕಬ್ಬು ಬೆಳೆದ ಹೆಕ್ಟೇರುಗಳಿಂದ ಭಾಗಿಸಬೇಕು. ನೀವು ಎಣಿಸುತ್ತಿರುವ ಸಂಗತಿ ಯಾರಿಗೆ ಅಥವಾ ಯಾವುದಕ್ಕೆ ಆಗಲು ಸಾಧ್ಯವಿತ್ತೋ, ಅವರ ಅಥವಾ ಅದರ ಮೊತ್ತವೇ ಛೇದ.

ತಾಲ್ಲೂಕುಗಳನ್ನು ಸೇರಿಸಿ ಜಿಲ್ಲೆಯ ಅಥವಾ ವಿಭಾಗದ ದರ ತೆಗೆಯುವಾಗಲೂ ಒಂದು ಎಚ್ಚರ ಬೇಕು. ಮೈಸೂರಿನ 72.79 ಮತ್ತು ಚಾಮರಾಜನಗರದ 61.43ರ ಸರಾಸರಿ 67.11 ಆಗುತ್ತದೆ. ಹಳೆಯ ಅವಿಭಜಿತ ಜಿಲ್ಲೆಯ ನಿಜವಾದ ದರ ಅದಲ್ಲ. ಎರಡರ ಸಾಕ್ಷರರನ್ನೂ ಕೂಡಿಸಿ, ಏಳು ವರ್ಷ ತುಂಬಿದವರನ್ನೂ ಬೇರೆಯಾಗಿ ಕೂಡಿಸಿ, ಆಮೇಲೆ ಭಾಗಿಸಿದರೆ ಸುಮಾರು 70 ಬರುತ್ತದೆ, ಏಕೆಂದರೆ ಮೈಸೂರಿನಲ್ಲಿ ಜನ ಮೂರು ಪಾಲು.

ನೀವು ಕೇಳದೇ ಇದ್ದ ಒಂದು ಮಾತನ್ನೂ ಹೇಳಬೇಕು, ಏಕೆಂದರೆ ಭಾಗಿಸಲು ಕಲಿತವರು ಮುಂದಿನ ವಾರವೇ ಅಲ್ಲಿಗೆ ಬಂದು ನಿಲ್ಲುತ್ತಾರೆ. ಜಿಲ್ಲೆ ಬಿಟ್ಟು ಹಳ್ಳಿಯ ಮಟ್ಟಕ್ಕೆ ಇಳಿದು, ಸಾಕ್ಷರತೆಯ ಬದಲು ಡೆಂಗಿಯಂತಹ ಅಪರೂಪದ ಸಂಗತಿಯನ್ನು ತೆಗೆದುಕೊಳ್ಳಿ. ಲೆಕ್ಕಕ್ಕಾಗಿ 200 ಜನರ ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಒಬ್ಬರಿಗೆ ಜ್ವರ ಬಂದರೆ ದರ ಲಕ್ಷಕ್ಕೆ 500 ಆಗುತ್ತದೆ, ಯಾರಿಗೂ ಬರದಿದ್ದರೆ ಸೊನ್ನೆ. ಒಂದು ಲಕ್ಷ ಜನರ ಪಟ್ಟಣದಲ್ಲಿ ನೂರು ಮಂದಿಗೆ ಬಂದರೂ ದರ 100 ಮಾತ್ರ. ಒಬ್ಬರ ಜ್ವರ ಆ ಹಳ್ಳಿಯನ್ನು ಅತ್ಯಂತ ತೆಳುವಿನಿಂದ ಅತ್ಯಂತ ಗಾಢಕ್ಕೆ ಒಯ್ಯುತ್ತದೆ. ಅಮೆರಿಕದ ಕೌಂಟಿಗಳಲ್ಲಿ ಮೂತ್ರಪಿಂಡದ ಕ್ಯಾನ್ಸರಿನಿಂದ ಸತ್ತವರ ದರಗಳನ್ನು ನಕ್ಷೆಯಲ್ಲಿಟ್ಟಾಗ ಇದೇ ಕಂಡಿತು: ಅತಿ ಹೆಚ್ಚು ದರದ ಕೌಂಟಿಗಳೂ ಅತಿ ಕಡಿಮೆ ದರದವೂ ಬಹುತೇಕ ಜನ ವಿರಳವಾದ ಗ್ರಾಮೀಣ ಕೌಂಟಿಗಳೇ ಆಗಿದ್ದವು. ಎಣಿಕೆಯ ನಕ್ಷೆಯಲ್ಲಿ ದೊಡ್ಡ ಜನಸಂಖ್ಯೆ ಎದ್ದು ಕಂಡರೆ, ದರದ ನಕ್ಷೆಯಲ್ಲಿ ತೀರ ಚಿಕ್ಕ ಜನಸಂಖ್ಯೆ ಎದ್ದು ಕಾಣುತ್ತದೆ.

ಇದನ್ನು ಪತ್ತೆ ಹಚ್ಚಲು ದರದ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಹತ್ತು ಮತ್ತು ಕೆಳಗಿನ ಹತ್ತು ಊರುಗಳ ಜನಸಂಖ್ಯೆಯನ್ನು ನೋಡಿ. ಎರಡು ತುದಿಗಳಲ್ಲೂ ಚಿಕ್ಕ ಊರುಗಳೇ ತುಂಬಿದ್ದರೆ ನಕ್ಷೆಯನ್ನು ಹಾಗೆಯೇ ಯಾರಿಗೂ ಕೊಡಬೇಡಿ. ನಾಲ್ಕೈದು ವರ್ಷಗಳ ಪ್ರಕರಣಗಳನ್ನು ಕೂಡಿಸಿ, ಇಲ್ಲವೇ ಹಳ್ಳಿಗಳನ್ನು ಹೋಬಳಿಯ ಮಟ್ಟಕ್ಕೆ ಒಟ್ಟುಗೂಡಿಸಿ. ಐದು ಜಿಲ್ಲೆಗಳ ಸಾಕ್ಷರತೆಗೆ ಈ ಚಿಂತೆ ಇಲ್ಲ, ಅಲ್ಲಿ ಛೇದ ಲಕ್ಷಗಳಲ್ಲಿದೆ. ನಿಮ್ಮ ನಕ್ಷೆಯನ್ನು ಹೊಸ ದರದೊಂದಿಗೆ ಮತ್ತೆ ಮಾಡಿ, ಬಣ್ಣಗಳ ಸೂಚಿಯಲ್ಲಿ "ಸಾಕ್ಷರರು" ಎಂಬುದನ್ನು ಅಳಿಸಿ "ಏಳು ವರ್ಷ ತುಂಬಿದವರಲ್ಲಿ ಸಾಕ್ಷರರ ಶೇಕಡಾವಾರು, ಜನಗಣತಿ 2011" ಎಂದು ಬರೆಯಿರಿ.