ಹೆಸರು ಹಾಕಿಲ್ಲ, ಆದರೂ ಯಾರೆಂದು ಗೊತ್ತಾಗುತ್ತದೆ

"ಹೆಸರೇ ಹಾಕಿಲ್ಲವಲ್ಲ, ಮತ್ತೇನು ತೊಂದರೆ?" ಗ್ರಾಹಕರ ಅನಿಸಿಕೆ, ಫೋಟೊಗಳನ್ನು ಪ್ರಚಾರಕ್ಕೆ ಬಳಸುವವರು ಹೀಗೆ ಹೇಳಿದಾಗಲೆಲ್ಲ ಒಂದು ಕಾಗದ ಎಳೆದುಕೊಂಡು ಲೆಕ್ಕ ಮಾಡಿ ತೋರಿಸೋಣ ಅನ್ನಿಸುತ್ತದೆ. ಇವತ್ತು ತೋರಿಸಿಯೇ ಬಿಡುತ್ತೇನೆ.

ಕಿವಿಯ ಮಷೀನು ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ಅಲ್ಲಿನ ಗ್ರಾಹಕರೊಬ್ಬರ ಅನಿಸಿಕೆ ಹೀಗಿದೆ: "ನಾನು 34 ವರ್ಷದ ಟೀಚರ್, ಅವಳಿ ಮಕ್ಕಳ ತಾಯಿ. ಹಿಂದಿನ ಬೆಂಚಿನವರು ಮಾತಾಡಿದ್ದು ಕೇಳಿಸುತ್ತಲೇ ಇರಲಿಲ್ಲ. ಈಗ ಪಿಸುಮಾತೂ ಕೇಳುತ್ತದೆ." ಪಕ್ಕದಲ್ಲಿ ಅವರ ಫೋಟೊ, ಮುಖದ ಮೇಲೆ ಚೌಕ ಚೌಕದ ಮಸುಕು. ಹೆಸರಿಲ್ಲ. ಊರಿನ ಜನಸಂಖ್ಯೆ ಒಂದು ಲಕ್ಷ.

ಈಗ ಜರಡಿ ಹಿಡಿಯೋಣ. ಹೆಂಗಸು ಅಂದ ತಕ್ಷಣ ಅರ್ಧ ಜನ ಕೆಳಗೆ ಬಿದ್ದರು, ಉಳಿದವರು 50,000. ವಯಸ್ಸು ಸರಿಯಾಗಿ 34. ಸುಮಾರು 64 ಜನರಲ್ಲಿ ಒಬ್ಬರಿಗೆ ಆ ವಯಸ್ಸು ಅಂತಿಟ್ಟುಕೊಂಡರೆ ಉಳಿದವರು 780. ಟೀಚರ್ ಅಂದರೆ 32ರಲ್ಲಿ ಒಬ್ಬರು ಅನ್ನೋಣ, 24 ಜನ ಉಳಿದರು. ಅವಳಿ ಮಕ್ಕಳಿರುವವರೂ 32ರಲ್ಲಿ ಒಬ್ಬರು ಅನ್ನೋಣ. ಈಗ ಜರಡಿಯಲ್ಲಿ ಉಳಿದದ್ದು ಒಬ್ಬರೇ. ಲೆಕ್ಕ ಹಾಕಿದರೆ ಒಂದಕ್ಕಿಂತ ಕಡಿಮೆಯೇ ಬರುತ್ತದೆ, 0.76. ಅಂದರೆ ಹಾಗಿರುವವರು ಊರಿನಲ್ಲಿ ಇದ್ದರೆ ಹೆಚ್ಚು ಕಡಿಮೆ ಅವರೊಬ್ಬರೇ.

ಇದರ ಹಿಂದಿನ ಗಣಿತ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮನಸ್ಸಿನಲ್ಲಿ ಯಾರನ್ನೋ ನೆನೆಸಿಕೊಂಡು, ಹೌದು-ಅಲ್ಲ ಅಂತ ಮಾತ್ರ ಉತ್ತರ ಹೇಳುವ ಆಟ ಆಡಿದ್ದೀರಲ್ವಾ? ಒಳ್ಳೆಯ ಪ್ರಶ್ನೆ ಅಂದರೆ ಪ್ರತಿ ಸಲ ಗುಂಪನ್ನು ಅರ್ಧ ಮಾಡುವ ಪ್ರಶ್ನೆ. ಹೀಗೆ ಅರ್ಧ ಮಾಡುತ್ತಾ ಹೋದರೆ ಒಂದು ಲಕ್ಷ ಜನರಲ್ಲಿ ಒಬ್ಬರನ್ನು ಹಿಡಿಯಲು 17 ಪ್ರಶ್ನೆ ಸಾಕು. ಭೂಮಿಯ ಮೇಲಿನ 800 ಕೋಟಿ ಜನರಲ್ಲಿ ಯಾರನ್ನೇ ಆದರೂ ಹಿಡಿಯಲು 33 ಸಾಕು. ಯಾಕೆಂದರೆ ಎರಡನ್ನು 33 ಸಲ ಗುಣಿಸಿದರೆ ಸುಮಾರು 859 ಕೋಟಿ ಆಗುತ್ತದೆ. ಇಂಥ ಒಂದೊಂದು ಹೌದು-ಅಲ್ಲ ಉತ್ತರಕ್ಕೆ ಮಾಹಿತಿ ವಿಜ್ಞಾನದಲ್ಲಿ ಒಂದು ಬಿಟ್ ಎನ್ನುತ್ತಾರೆ. ನಮ್ಮ ಟೀಚರ್ ವಿಷಯದಲ್ಲಿ ಹೆಂಗಸು ಎಂಬುದು 1 ಬಿಟ್, ವಯಸ್ಸು 6, ಕೆಲಸ 5, ಅವಳಿ ಮಕ್ಕಳು 5. ಒಟ್ಟು 17. ಬೀಗದ ಕೈಯ ಹಲ್ಲುಗಳನ್ನು ಒಂದೊಂದಾಗಿ ಕೊರೆದ ಹಾಗೆ ಇದು. ಒಂದೇ ಹಲ್ಲು ನೂರಾರು ಬೀಗಕ್ಕೆ ಹೊಂದೀತು, ನಾಲ್ಕು ಹಲ್ಲು ಸೇರಿದರೆ ಒಂದೇ ಬೀಗ ತೆರೆಯುತ್ತದೆ. ಹೆಸರು ಎಂಬುದು ಆ ಕೈಗೆ ಕಟ್ಟಿದ ಚೀಟಿ ಮಾತ್ರ. ಚೀಟಿ ಕಿತ್ತು ಹಾಕಿದರೂ ಬೀಗ ತೆರೆಯುತ್ತದೆ.

ಇದು ಸುಮ್ನೆ ಕಾಗದದ ಲೆಕ್ಕ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆರೋಗ್ಯ ವಿಮೆಯ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು, ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಹಾಗೇ ಬಿಟ್ಟು ಸಂಶೋಧಕರಿಗೆ ಕೊಡಲಾಗಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡು ಎರಡನ್ನೂ ಹೋಲಿಸಿದರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅದರಲ್ಲಿ ಗಂಡಸರು ಮೂವರು. ಗವರ್ನರ್ ಅವರ ಅಂಚೆ ಪಿನ್‌ಕೋಡ್ ಇದ್ದವರು ಒಬ್ಬರೇ. ಗವರ್ನರ್ ಅವರ ಆಸ್ಪತ್ರೆ ದಾಖಲೆ ಹೀಗೆ ಹೊರಗೆ ಬಂತು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಈ ಮೂರೇ ಇದ್ದರೆ ಅಮೆರಿಕದ 87 ಶೇಕಡಾ ಜನರನ್ನು ಗುರುತಿಸಬಹುದು ಎಂದು ಅವರು ಮುಂದೆ ಅಂದಾಜು ಮಾಡಿದರು.

ನಮ್ಮ ಅಂಗಡಿಗೆ ವಾಪಸ್ ಬರೋಣ. ಇದಕ್ಕೆ ಪರಿಹಾರವೂ ಅದೇ ಲೆಕ್ಕದಲ್ಲಿದೆ. ಅನಿಸಿಕೆಯನ್ನು ಪೂರ್ತಿ ಕೈಬಿಡಬೇಕಾಗಿಲ್ಲ, ಬಿಟ್‌ಗಳನ್ನು ವಾಪಸ್ ಕೊಟ್ಟರೆ ಆಯಿತು. "34 ವರ್ಷ" ಎನ್ನುವ ಬದಲು "ಮೂವತ್ತು ದಾಟಿದ, ನಲವತ್ತಾಗದ" ಅನ್ನಿ. ಈಗ 64ರಲ್ಲಿ ಒಬ್ಬರಲ್ಲ, ಸುಮಾರು 7ರಲ್ಲಿ ಒಬ್ಬರು. ಅವಳಿ ಮಕ್ಕಳ ಮಾತು ತೆಗೆಯಿರಿ, ಮಷೀನಿಗೂ ಅದಕ್ಕೂ ಸಂಬಂಧವೇ ಇಲ್ಲ. ಮತ್ತೆ ಜರಡಿ ಹಿಡಿದರೆ ಸುಮಾರು 220 ಜನ ಉಳಿಯುತ್ತಾರೆ. ಹಿಂದಿನ ಬೆಂಚಿನ ಮಾತು ಹಾಗೇ ಇದೆ, ಅನಿಸಿಕೆಯ ಜೀವವೂ ಅಲ್ಲೇ ಇದೆ. ನನ್ನ ಸಂಖ್ಯೆಗಳು ಒರಟು ಅಂದಾಜು ಎಂಬುದು ನಿಜ. ಈ ಗುಣಗಳು ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತವೆ, ಟೀಚರುಗಳಲ್ಲಿ ಹೆಂಗಸರು ಜಾಸ್ತಿ ಇರುವ ಹಾಗೆ. ಆದರೂ ಯಾವ ಪದ ಎಷ್ಟು ಜನರನ್ನು ಕೆಳಗೆ ಬೀಳಿಸುತ್ತದೆ ಎಂದು ನೋಡಲು ಇಷ್ಟು ಸಾಕು.

ಈ ಲೆಕ್ಕ ಸೋಲುವ ಜಾಗ ಬೇರೆ ಇದೆ. ಪಕ್ಕದ ಮನೆಯವರು, ಶಾಲೆಯ ಸಹೋದ್ಯೋಗಿಗಳು ಒಂದು ಲಕ್ಷ ಜನರಲ್ಲಿ ಹುಡುಕುತ್ತಾ ಕೂರುವುದಿಲ್ಲ. "ಹಿಂದಿನ ಬೆಂಚು" ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಅವರ ಮುಂದೆ ಯಾವ ಮುಸುಕೂ ನಿಲ್ಲುವುದಿಲ್ಲ. ಆದ್ದರಿಂದ ಹೆಸರು ತೆಗೆದೆವು, ಇನ್ನು ಒಪ್ಪಿಗೆ ಯಾಕೆ ಎಂಬ ವಾದ ನಡೆಯುವುದಿಲ್ಲ.

ಫೋಟೊದ ಕತೆ ಇನ್ನೂ ಮಜವಾಗಿದೆ. 1973ರಲ್ಲಿ ಲಿಯಾನ್ ಹಾರ್ಮನ್ ಎಂಬ ಸಂಶೋಧಕರು ಅಬ್ರಹಾಂ ಲಿಂಕನ್ ಅವರ ಚಿತ್ರವನ್ನು ಕೆಲವೇ ನೂರು ಬೂದು ಚೌಕಗಳಾಗಿ ಮಾಡಿ ತೋರಿಸಿದರು. ಹತ್ತಿರದಿಂದ ನೋಡಿದರೆ ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಕಾಣುತ್ತದೆ. ಕಣ್ಣು ಕಿರಿದು ಮಾಡಿ, ಇಲ್ಲವೇ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಲಿಂಕನ್ ಎದ್ದು ಬರುತ್ತಾರೆ! ಚೌಕಗಳ ಚೂಪು ಅಂಚುಗಳೇ ಮುಖವನ್ನು ಮರೆಮಾಡಿದ್ದವು. ಮಸುಕು ಮಾಡಿದರೆ ಅಂಚು ಹೋಗಿ ಮುಖ ಉಳಿಯುತ್ತದೆ. ನಮ್ಮ ಟೀಚರ್ ಫೋಟೊವನ್ನು ಮೊಬೈಲಿನಲ್ಲಿ ಸಣ್ಣದಾಗಿ ನೋಡುವವರೂ ಇದನ್ನೇ ಮಾಡುತ್ತಿರುತ್ತಾರೆ, ತಮಗೆ ಗೊತ್ತಿಲ್ಲದೆ. ಗುರುತು ಬೇಡ ಎಂದವರ ಮುಖವನ್ನು ಫೋಟೊದಿಂದ ಕತ್ತರಿಸಿ ತೆಗೆಯಿರಿ. ಮಷೀನು ಹಾಕಿದ ಕಿವಿ ಮಾತ್ರ ಕಾಣಲಿ, ಓಲೆಯೂ ಬೇಡ.

ಕಣ್ಣಿಗೆ ಕಾಣದ್ದೂ ಒಂದಿದೆ. ಆ ಫೋಟೊವನ್ನು ಟೀಚರ್ ತಮ್ಮ ಮನೆಯಲ್ಲೇ ತೆಗೆದು ಇಮೇಲ್ ಮಾಡಿದ್ದರು ಅನ್ನಿ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ಫೈಲಿನ ಒಳಗೇ ಅಕ್ಷಾಂಶ, ರೇಖಾಂಶ ಬರೆದಿರುತ್ತದೆ. ಅಕ್ಷಾಂಶದ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್, ಫೈಲಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದವರೆಗೂ ಬರೆಯಲು ಜಾಗವಿದೆ. ಜಿಪಿಎಸ್ ಅಷ್ಟು ನಿಖರ ಅಲ್ಲ, ಆದರೆ ಮನೆ ಯಾವುದು ಎಂದು ಹೇಳಲು ಸಾಕು. ಅನೇಕ ಸಾಮಾಜಿಕ ಜಾಲತಾಣಗಳು ಅಪ್‌ಲೋಡ್ ಮಾಡುವಾಗ ಇದನ್ನು ಅಳಿಸಿಬಿಡುತ್ತವೆ. ಅಂಗಡಿಯ ಸ್ವಂತ ಜಾಲತಾಣದಲ್ಲಿ ಅದು ತಾನಾಗಿ ಆಗುತ್ತದೆ ಎಂಬ ಭರವಸೆ ಇಲ್ಲ. ಕಂಪ್ಯೂಟರಿನಲ್ಲಿ exiftool ಎಂಬ ಪ್ರೋಗ್ರಾಂ ಹಾಕಿಕೊಂಡರೆ ನೋಡುವುದು, ಅಳಿಸುವುದು ಹೀಗೆ:

```
exiftool -gps:all photo.jpg
exiftool -all= photo.jpg
```

ಮೊದಲ ಸಾಲು ಜಾಗದ ವಿವರ ಇದೆಯೇ ಎಂದು ತೋರಿಸುತ್ತದೆ. ಎರಡನೆಯದು ಫೈಲಿನ ಒಳಗಿನ ಇಂಥ ಟಿಪ್ಪಣಿಗಳನ್ನು ತೆಗೆಯುತ್ತದೆ. ಜೊತೆಗೆ ಫೋಟೊ ಯಾವ ದಿಕ್ಕಿಗೆ ನಿಲ್ಲಬೇಕು ಎಂಬ ಗುರುತೂ ಹೋಗುವುದರಿಂದ ಒಮ್ಮೊಮ್ಮೆ ಚಿತ್ರ ಮಗ್ಗುಲಿಗೆ ಮಲಗುತ್ತದೆ, ತಿರುಗಿಸಿ ಉಳಿಸಿದರಾಯಿತು. ಅಳಿಸಿದ ಮೇಲೆ ಮೊದಲ ಸಾಲನ್ನು ಮತ್ತೊಮ್ಮೆ ಓಡಿಸಿ, ಏನೂ ಬರಬಾರದು.

ಇಷ್ಟಾದ ಮೇಲೆ ಒಪ್ಪಿಗೆ. ಇಲ್ಲಿ ಒಂದು ಹಳೆಯ ಮೊಕದ್ದಮೆ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಅಟ್ಲಾಂಟಾದ ಪತ್ರಿಕೆಯೊಂದರಲ್ಲಿ ಜೀವವಿಮಾ ಕಂಪನಿಯ ಜಾಹೀರಾತು ಬಂತು. ಒಂದು ಕಡೆ ಠಾಕುಠೀಕಾದ ಆರೋಗ್ಯವಂತ, ಇನ್ನೊಂದು ಕಡೆ ಬಡಕಲು ರೋಗಿಷ್ಟ. ಆರೋಗ್ಯವಂತನ ಚಿತ್ರದ ಕೆಳಗೆ, ವಿಮೆ ಮಾಡಿಸಿದ್ದರಿಂದ ನನ್ನ ಕುಟುಂಬ ಸುರಕ್ಷಿತವಾಗಿದೆ ಎಂಬ ಅರ್ಥದ ಹೇಳಿಕೆ. ಆ ವ್ಯಕ್ತಿ ಪಾವೊಲೊ ಪಾವೆಸಿಚ್ ಎಂಬ ಕಲಾವಿದ. ಅವರನ್ನು ಯಾರೂ ಕೇಳಿರಲಿಲ್ಲ, ಅವರು ಆ ವಿಮೆ ಮಾಡಿಸಿಯೂ ಇರಲಿಲ್ಲ. ಹೆಸರು ಹಾಕಿರಲಿಲ್ಲ ಎಂಬುದನ್ನು ಗಮನಿಸಿ. ಗೆಳೆಯರು ಗುರುತು ಹಿಡಿದರು. 1905ರಲ್ಲಿ ಜಾರ್ಜಿಯಾ ರಾಜ್ಯದ ಸುಪ್ರೀಂ ಕೋರ್ಟ್ ಖಾಸಗಿತನ ಒಂದು ಹಕ್ಕು ಎಂದು ಒಪ್ಪಿ ಅವರ ಪರ ನಿಂತಿತು. ನೂರು ವರ್ಷ ದಾಟಿದರೂ ನಾವಿನ್ನೂ ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇವೆ.

ಹಾಗಾಗಿ "ನನ್ನ ಅನಿಸಿಕೆ ಬಳಸಲು ಒಪ್ಪಿದ್ದೇನೆ" ಎಂಬ ಒಂದೇ ಸಾಲಿನ ಚೀಟಿ ಚೀಟಿಯೇ ಅಲ್ಲ. ಏನಕ್ಕೆ ಒಪ್ಪಿದರು? ಮಾತಿಗೆ ಹೂಂ ಅಂದವರು ಫೋಟೊಗೆ ಬೇಡ ಅನ್ನಬಹುದು. ಜಾಲತಾಣಕ್ಕೆ ಸರಿ ಎಂದವರು ರಸ್ತೆಯ ಬದಿಯ ಬ್ಯಾನರಿಗೆ ಒಲ್ಲೆ ಎನ್ನಬಹುದು. ಮಾತು, ಫೋಟೊ, ಹೆಸರು, ಒಂದೊಂದಕ್ಕೂ ಬೇರೆ ಬೇರೆ ಚೌಕ ಇರಬೇಕು, ಎಲ್ಲವೂ ಖಾಲಿ ಇರಬೇಕು, ಗುರುತು ಅವರೇ ಹಾಕಬೇಕು. ಮಷೀನು ಕಿವಿಗೆ ಕೂರಿಸುತ್ತಿರುವಾಗ ಕೇಳಬೇಡಿ, ಆಗ ಬೇಡ ಎನ್ನುವುದು ಕಷ್ಟ. ಒಂದು ವಾರ ಬಿಟ್ಟು, ಬಿಟ್‌ಗಳನ್ನು ವಾಪಸ್ ಕೊಟ್ಟ ತಿದ್ದಿದ ಸಾಲನ್ನೂ ಕತ್ತರಿಸಿದ ಫೋಟೊವನ್ನೂ ಅವರಿಗೆ ಕಳಿಸಿ:

"ಟೀಚರ್, ಇದೇ ರೂಪದಲ್ಲಿ ನಮ್ಮ ಜಾಲತಾಣ, ಅಂಗಡಿಯ ಟಿವಿ, ಬ್ಯಾನರ್, ಅಚ್ಚಿನ ಕಾಗದಗಳಲ್ಲಿ ಎರಡು ವರ್ಷ ಹಾಕುತ್ತೇವೆ. ಬೇಡ ಅಂದರೆ ಈ ನಂಬರಿಗೆ ಒಂದು ಮೆಸೇಜ್ ಸಾಕು, ಕಾರಣ ಹೇಳಬೇಕಿಲ್ಲ. ಅಚ್ಚಾಗಿ ಹಂಚಿದ ಕಾಗದವನ್ನು ಮಾತ್ರ ವಾಪಸ್ ತರಲು ನಮ್ಮಿಂದ ಆಗುವುದಿಲ್ಲ."

ಕೊನೆಯ ಸಾಲನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಆದರೆ ಅದನ್ನು ಓದಿದ ಮೇಲೆ ಹಾಕಿದ ಸಹಿಗೆ ಮಾತ್ರ ಬೆಲೆ. ಯೂರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾಯ್ದೆ ಇದನ್ನೇ ಚೆನ್ನಾಗಿ ಹೇಳುತ್ತದೆ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು.

ವಾಪಸ್ ಪಡೆದ ದಿನ ಅಂಗಡಿಯವರ ನಿಜವಾದ ಪರೀಕ್ಷೆ. ಒಂದು ಪುಸ್ತಕದಲ್ಲಿ ಪ್ರತಿ ಅನಿಸಿಕೆಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಎಲ್ಲೆಲ್ಲಿ ಹಾಕಿದೆವು ಎಂದು ಬರೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಜಾಲತಾಣದಿಂದ ತೆಗೆದರು, ಅಂಗಡಿಯ ಟಿವಿಯಿಂದ ತೆಗೆದರು, ಬ್ಯಾನರ್ ಮಾಡುವವರಿಗೆ ಕಳಿಸಿದ ಪ್ರತಿಯನ್ನೂ ಅಳಿಸಲು ಹೇಳಿದರು. ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಮೇಲೆ ಕೊಟ್ಟ ಆ ಎರಡನೇ ಸಾಲು ಒಂದು ಕೆಲಸವನ್ನು ಸದ್ದಿಲ್ಲದೆ ಮಾಡಿರುತ್ತದೆ. ತಪ್ಪಾದರೆ ಇರಲಿ ಎಂದು ಮೂಲ ಫೋಟೊವನ್ನು `photo.jpg_original` ಎಂಬ ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ಉಳಿಸಿಟ್ಟಿರುತ್ತದೆ. ಮನೆಯ ಜಾಗ, ತೆಗೆದ ಗಂಟೆ, ನಿಮಿಷ ಎಲ್ಲವೂ ಅದರಲ್ಲಿದೆ, ಆ ಸಾಲನ್ನು ಫೋಟೊ ಕತ್ತರಿಸುವ ಮೊದಲೇ ಓಡಿಸಿದ್ದರೆ ಪೂರ್ತಿ ಮುಖವೂ. ಅದನ್ನು ಪುಸ್ತಕದಲ್ಲಿ ಯಾರೂ ಬರೆದಿರುವುದಿಲ್ಲ.