ಕೊನೆ ಭಾಗಕ್ಕೆ ಎಂಟು ಚೀಲ ಕಡಿಮೆ: ಡಮ್ಮಿ ಚರದ ಗುಣಾಂಕವನ್ನು ಓದುವುದು

ಸಿಂಧನೂರು, ಮಾನ್ವಿ ಕಡೆಯವರಿಗೆ ‘ಕೊನೆ ಭಾಗ’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದ ಗದ್ದೆಗಳನ್ನು ದಾಟಿ, ಮಧ್ಯ ಭಾಗವನ್ನು ದಾಟಿ, ಕೊನೆಗೆ ತಲುಪುವ ಜಾಗ ಅದು. ‘ಮೇಲ್ಭಾಗ, ಮಧ್ಯ, ಕೊನೆ’ ಎಂಬ ಈ ಮೂರು ಮಾತುಗಳು ಸಂಖ್ಯೆಗಳಲ್ಲ, ಹೆಸರುಗಳು. ಗೊಬ್ಬರವನ್ನು ಮೂಟೆಯಲ್ಲಿ, ಇಳುವರಿಯನ್ನು ಚೀಲದಲ್ಲಿ ಎಣಿಸಬಹುದು. ಹೆಸರನ್ನು ಸಮೀಕರಣದೊಳಗೆ ಕೂರಿಸುವುದು ಹೇಗೆ? ಡಮ್ಮಿ ಚರ ನನಗೆ ಅರ್ಥವಾದದ್ದು ಈ ಉದಾಹರಣೆಯಿಂದಲೇ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಒಂಬತ್ತು ಗದ್ದೆಗಳನ್ನು ತೆಗೆದುಕೊಳ್ಳೋಣ. ಪ್ರತಿ ಭಾಗದಲ್ಲಿ ಮೂರು. ಇವು ಕೈಯಲ್ಲೇ ಲೆಕ್ಕ ಮಾಡಲು ಸುಲಭವಾಗಲೆಂದು ನಾನೇ ಕಟ್ಟಿದ ಅಂಕಿಗಳು, ಯಾವ ಸಮೀಕ್ಷೆಯವೂ ಅಲ್ಲ. ಗೊಬ್ಬರ ಎಂದರೆ ಎಕರೆಗೆ ಹಾಕಿದ 50 ಕೆ.ಜಿ. ಮೂಟೆಗಳು, ಇಳುವರಿ ಎಂದರೆ ಎಕರೆಗೆ ಬಂದ ಭತ್ತದ ಚೀಲಗಳು. R ಭಾಷೆಯಲ್ಲಿ ಇದನ್ನು ಹೀಗೆ ಬರೆಯಬಹುದು. ಕೊನೆಯ ಸಾಲಿನ `lm` ಈ ಅಂಕಿಗಳಿಗೆ ಹೊಂದುವ ರಿಗ್ರೆಶನ್ ಸಮೀಕರಣವನ್ನು ಹುಡುಕುತ್ತದೆ:

```
gobbara <- c(2,3,4,  2,3,4,  1,2,3)
iluvari <- c(35,36,40,  32,35,35,  25,27,29)
bhaga <- factor(rep(c("mel","madhya","kone"), each=3),
                levels=c("mel","madhya","kone"))
summary(lm(iluvari ~ gobbara + bhaga))
```

ಮೊದಲು ಕೈ ಹೋಗುವುದು ಮೇಲ್ಭಾಗಕ್ಕೆ 1, ಮಧ್ಯಕ್ಕೆ 2, ಕೊನೆಗೆ 3 ಎಂದು ಬರೆದು ಒಂದೇ ಚರವಾಗಿ ಸೇರಿಸುವ ಕಡೆಗೆ. ಇದೇ ಅಂಕಿಗಳ ಮೇಲೆ ಹಾಗೆ ಮಾಡಿದರೆ, ಒಂದು ಭಾಗದಿಂದ ಮುಂದಿನ ಭಾಗಕ್ಕೆ ಇಳಿದಾಗಲೆಲ್ಲ ಇಳುವರಿ 3.92 ಚೀಲ ಕಡಿಮೆಯಾಗುತ್ತದೆ ಎಂಬ ಉತ್ತರ ಬರುತ್ತದೆ. ಮೇಲ್ಭಾಗದಿಂದ ಮಧ್ಯಕ್ಕೆ ಎಷ್ಟು ಇಳಿತವೋ ಮಧ್ಯದಿಂದ ಕೊನೆಗೂ ಅಷ್ಟೇ ಇಳಿತ ಎಂದು ನಾವೇ ಒತ್ತಾಯದಿಂದ ಹೇಳಿದಂತಾಯಿತು. ಅಂಕಿಗಳು ಹಾಗೆ ಹೇಳುತ್ತಿಲ್ಲ ಎಂಬುದು ಈಗಲೇ ಗೊತ್ತಾಗುತ್ತದೆ.

ಡಮ್ಮಿ ಚರ ಎಂದರೆ ಹೌದು-ಅಲ್ಲ ಎಂಬ ಪ್ರಶ್ನೆ. ಗದ್ದೆ ಮಧ್ಯ ಭಾಗದ್ದೇ? ಹೌದಾದರೆ 1, ಅಲ್ಲವಾದರೆ 0. ಕೊನೆ ಭಾಗದ್ದೇ? ಹೌದಾದರೆ 1, ಅಲ್ಲವಾದರೆ 0. ಎರಡಕ್ಕೂ 0 ಬಂದರೆ ಅದು ಮೇಲ್ಭಾಗದ ಗದ್ದೆಯೇ, ಮೂರನೇ ಪ್ರಶ್ನೆ ಬೇಕಿಲ್ಲ. ಹೀಗೆ ಪ್ರಶ್ನೆಯಿಲ್ಲದೆ ಉಳಿದ ವರ್ಗವೇ ಆಧಾರ ವರ್ಗ. ಮೇಲಿನ ಆದೇಶ ಈ ಎರಡು ಡಮ್ಮಿಗಳನ್ನು ತಾನೇ ತಯಾರಿಸಿಕೊಂಡು ಕೊಡುವ ಸಮೀಕರಣ ಹೀಗಿದೆ:

```
iluvari = 31 + 2*gobbara - 3*madhya - 8*kone
```

ಮೂರನೆಯ ಡಮ್ಮಿಯನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಸೂತ್ರವಾಗಿ ಬಾಯಿಪಾಠ ಮಾಡುವ ಬದಲು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಸ್ಥಿರಾಂಕಕ್ಕೆ 5 ಕೂಡಿಸಿ 36 ಮಾಡಿ, ಮೂರೂ ಡಮ್ಮಿಗಳ ಗುಣಾಂಕದಿಂದ 5 ಕಳೆಯಿರಿ. ಪ್ರತಿ ಗದ್ದೆಯೂ ಮೂರರಲ್ಲಿ ಒಂದೇ ಒಂದು ಭಾಗಕ್ಕೆ ಸೇರಿರುವುದರಿಂದ, ಕೂಡಿಸಿದ 5 ಅಲ್ಲೇ ಕಳೆದುಹೋಗುತ್ತದೆ, ಒಂದು ಗದ್ದೆಯ ಲೆಕ್ಕವೂ ಬದಲಾಗುವುದಿಲ್ಲ. 5ರ ಬದಲು 100 ಆದರೂ ಹಾಗೆಯೇ. ಒಂದೇ ಹೊಂದಾಣಿಕೆ ಕೊಡುವ ಉತ್ತರಗಳು ಲೆಕ್ಕವಿಲ್ಲದಷ್ಟಿದ್ದಾಗ ಸಾಫ್ಟ್‌ವೇರ್ ಯಾವುದನ್ನು ಆರಿಸಬೇಕು? ‘ಡಮ್ಮಿ ಬಲೆ’ ಎನ್ನುವುದು ಇದಕ್ಕೇ. ಮೂರನ್ನೂ ಕೈಯಾರೆ ತಯಾರಿಸಿ ಕೊಟ್ಟರೆ `lm` ಒಂದರ ಮುಂದೆ `NA` ಎಂದು ಬರೆಯುತ್ತದೆ. ಅದನ್ನು ಕಂಡಾಗ ಅಂಕಿಗಳಲ್ಲಿ ದೋಷ ಹುಡುಕುತ್ತಾ ಕೂರಬೇಡಿ, ಡಮ್ಮಿಗಳನ್ನು ಎಣಿಸಿ.

ಈಗ ಗುಣಾಂಕಗಳನ್ನು ಓದೋಣ. ಕೊನೆ ಭಾಗದ ಮುಂದಿರುವ −8 ಆ ಭಾಗದ ಇಳುವರಿಯಲ್ಲ, ಅದೊಂದು ವ್ಯತ್ಯಾಸ. ‘ಅಷ್ಟೇ ಗೊಬ್ಬರ ಹಾಕಿದ ಮೇಲ್ಭಾಗದ ಗದ್ದೆಗಿಂತ ಎಂಟು ಚೀಲ ಕಡಿಮೆ’ ಎಂಬುದು ಅದರ ಪೂರ್ತಿ ಅರ್ಥ. ಈ ವಾಕ್ಯದಲ್ಲಿ ‘ಅಷ್ಟೇ ಗೊಬ್ಬರ ಹಾಕಿದ’ ಎಂಬ ಮಾತನ್ನು ಬಿಡುವಂತಿಲ್ಲ. ಬರಿಯ ಸರಾಸರಿಗಳನ್ನು ನೋಡಿ: ಮೇಲ್ಭಾಗದಲ್ಲಿ 37, ಕೊನೆಯಲ್ಲಿ 27, ವ್ಯತ್ಯಾಸ ಹತ್ತು ಚೀಲ. ರಿಗ್ರೆಶನ್ ಎಂಟು ಎನ್ನುತ್ತಿದೆ. ಉಳಿದ ಎರಡು ಚೀಲ ಎಲ್ಲಿಗೆ ಹೋದವು? ಕೊನೆ ಭಾಗದ ರೈತರು ಸರಾಸರಿ ಎರಡು ಮೂಟೆ ಹಾಕಿದ್ದಾರೆ, ಮೇಲ್ಭಾಗದವರು ಮೂರು. ಒಂದು ಮೂಟೆಗೆ ಎರಡು ಚೀಲದ ಲೆಕ್ಕದಲ್ಲಿ ಆ ಎರಡು ಚೀಲ ಗೊಬ್ಬರದ ಖಾತೆಗೆ ಸೇರಿದವು. ನನಗೆ ಬಹುಚರ ರಿಗ್ರೆಶನ್ನಿನ ಅರ್ಥ ಕಣ್ಣಿಗೆ ಕಂಡಿದ್ದು ಈ ಎರಡು ಚೀಲಗಳ ಲೆಕ್ಕ ಸಿಕ್ಕಾಗ.

ಇದರಿಂದ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ಸಮೀಕರಣಕ್ಕೆ ‘ಎಷ್ಟು ಸಲ ನೀರು ಬಂತು’ ಎಂಬುದನ್ನೂ ಸೇರಿಸಿದರೆ −8 ಇನ್ನಷ್ಟು ಸಣ್ಣದಾಗಬಹುದು. ಹಾಗೆಂದು ಕೊನೆ ಭಾಗದವರಿಗೆ ಅನ್ಯಾಯವೇ ಆಗಿಲ್ಲ ಎಂದು ಬರೆದರೆ ದೊಡ್ಡ ತಪ್ಪು. ಕೊನೆ ಭಾಗದಲ್ಲಿರುವುದರ ಪೆಟ್ಟು ಬೀಳುವುದೇ ನೀರಿನ ಮೂಲಕ. ನೀರನ್ನು ಸಮ ಮಾಡಿ ಹೋಲಿಸಿದಾಗ ಆ ಪೆಟ್ಟನ್ನೇ ಲೆಕ್ಕದಿಂದ ತೆಗೆದಂತೆ. ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಚರಗಳನ್ನು ಆರಿಸಿಕೊಳ್ಳಿ.

ಸ್ಥಿರಾಂಕ 31ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಗೊಬ್ಬರವನ್ನೇ ಹಾಕದ ಮೇಲ್ಭಾಗದ ಗದ್ದೆಯ ಅಂದಾಜು. ಅಂಥ ಗದ್ದೆ ನಮ್ಮ ಒಂಬತ್ತರಲ್ಲಿ ಒಂದೂ ಇಲ್ಲ.

ಮಧ್ಯ ಮತ್ತು ಕೊನೆ ಭಾಗದ ನಡುವಿನ ಅಂತರ ಪಟ್ಟಿಯಲ್ಲಿ ನೇರವಾಗಿ ಕಾಣುವುದಿಲ್ಲ. −8ರಿಂದ −3 ಕಳೆದರೆ −5 ಸಿಗುತ್ತದೆ. ಅಂದರೆ ಇಳಿತ ಮೊದಲು ಮೂರು, ಆಮೇಲೆ ಐದು. 1, 2, 3 ಎಂದು ಬರೆದಾಗ ಮುಚ್ಚಿಹೋಗಿದ್ದು ಇದೇ. ಆದರೆ ಈ −5ರ ಪ್ರಮಾಣಿತ ದೋಷವನ್ನು ಹೀಗೆ ಕಳೆದು ಪಡೆಯಲಾಗದು. ಅದಕ್ಕೆ ಆಧಾರ ವರ್ಗವನ್ನು ಬದಲಿಸಿ ಮತ್ತೆ ಓಡಿಸುವುದು ಸುಲಭದ ದಾರಿ:

```
bhaga2 <- relevel(bhaga, ref="madhya")
summary(lm(iluvari ~ gobbara + bhaga2))
```

ಈಗ ಕೊನೆ ಭಾಗದ ಮುಂದೆ −5, ಪ್ರಮಾಣಿತ ದೋಷ ಸುಮಾರು 0.82. ಮೇಲ್ಭಾಗದ ಮುಂದೆ +3, ಸ್ಥಿರಾಂಕ 28. ಸಂಖ್ಯೆಗಳೆಲ್ಲ ಬದಲಾದಂತೆ ಕಂಡರೂ ಒಂಬತ್ತೂ ಗದ್ದೆಗಳ ಅಂದಾಜು ಇಳುವರಿ, ಗೊಬ್ಬರದ 2, ಎಲ್ಲವೂ ಇದ್ದಂತೆಯೇ ಇವೆ. ಬದಲಾದದ್ದು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದು ಮಾತ್ರ. ಆದ್ದರಿಂದ ಯಾವುದೋ ಒಂದು ಡಮ್ಮಿಯ ಪಿ-ಮೌಲ್ಯ ದೊಡ್ಡದಾಗಿದೆ ಎಂದು ಅದೊಂದನ್ನೇ ಕಿತ್ತುಹಾಕಬಾರದು. ಕಿತ್ತರೆ ಆ ವರ್ಗ ಸದ್ದಿಲ್ಲದೆ ಆಧಾರ ವರ್ಗದೊಳಗೆ ಸೇರಿಹೋಗುತ್ತದೆ, ಉಳಿದ ಗುಣಾಂಕಗಳ ಅರ್ಥವೂ ಬದಲಾಗುತ್ತದೆ. ‘ಭಾಗ’ ಎಂಬ ಇಡೀ ಚರ ಬೇಕೇ ಬೇಡವೇ ಎಂಬುದನ್ನು ಎರಡೂ ಡಮ್ಮಿಗಳನ್ನು ಒಟ್ಟಿಗೆ ಪರೀಕ್ಷಿಸುವ ಎಫ್-ಪರೀಕ್ಷೆಯಿಂದ ತೀರ್ಮಾನಿಸಬೇಕು. ಇನ್ನೊಂದು ಮಾತು: ಮೊದಲ ಆದೇಶದಲ್ಲಿ `levels` ಬರೆಯದಿದ್ದರೆ ಹೆಸರುಗಳು ಅಕ್ಷರಕ್ರಮದಲ್ಲಿ ನಿಂತು `kone` ಆಧಾರವಾಗುತ್ತಿತ್ತು. ಪಟ್ಟಿಯಲ್ಲಿ ಯಾವ ಹೆಸರು ಕಾಣುತ್ತಿಲ್ಲ ಎಂದು ಮೊದಲು ನೋಡುವುದು ನನ್ನ ರೂಢಿ.

ಈ ಸಮೀಕರಣ ಮೂರೂ ಭಾಗಗಳಿಗೆ ಮೂರು ಸಮಾನಾಂತರ ಗೆರೆಗಳನ್ನು ಎಳೆಯುತ್ತದೆ. ಒಂದು ಮೂಟೆ ಗೊಬ್ಬರ ಎಲ್ಲ ಕಡೆಯೂ ಎರಡೇ ಚೀಲ ಕೊಡುತ್ತದೆ ಎಂಬ ಊಹೆ ಅದರಲ್ಲಿದೆ. ನೀರು ಕಡಿಮೆ ಇರುವಲ್ಲಿ ಗೊಬ್ಬರಕ್ಕೆ ಅಷ್ಟೇ ಫಲ ಸಿಗುತ್ತದೆಯೇ ಎಂದು ಕೇಳಬೇಕಾದರೆ `gobbara * bhaga` ಎಂದು ಬರೆಯಬೇಕು. ಆಗ ಕೊನೆ ಭಾಗದ ಗುಣಾಂಕ −8ರಿಂದ −6.5ಕ್ಕೆ ಜಿಗಿಯುತ್ತದೆ. ಅಂತರ ಕುಗ್ಗಿತೆಂದು ಅಲ್ಲ. ಆ −6.5 ಈಗ ಗೊಬ್ಬರ ಸೊನ್ನೆ ಇದ್ದಾಗಿನ ವ್ಯತ್ಯಾಸ. ಪಕ್ಕದ ಸಾಲಿನಲ್ಲಿ ಪ್ರತಿ ಮೂಟೆಗೆ −0.5 ಇದೆ. ಮೂರು ಮೂಟೆಗೆ −1.5 ಸೇರಿಸಿದರೆ ಮತ್ತೆ −8. ಗೊಬ್ಬರದಿಂದ ಮೊದಲೇ 3 ಕಳೆದು ಓಡಿಸಿದರೆ ಆ −8 ಪಟ್ಟಿಯಲ್ಲೇ ಕಾಣುತ್ತದೆ. ಆದರೆ ಒಂಬತ್ತು ಗದ್ದೆಗಳಿಂದ ಆರು ಗುಣಾಂಕ ಕೇಳಿದ ಮೇಲೆ ದೋಷ ಅಳೆಯಲು ಉಳಿಯುವುದು ಮೂರೇ ಸ್ವಾತಂತ್ರ್ಯದ ಡಿಗ್ರಿಗಳು. ಆ −0.5ರ ಮೇಲೆ ಯಾವ ತೀರ್ಮಾನವನ್ನೂ ನಿಲ್ಲಿಸುವಂತಿಲ್ಲ. ಅದಕ್ಕೆ ಇನ್ನೂ ಬಹಳ ಗದ್ದೆಗಳ ಅಂಕಿ ಬೇಕು.